ಉತ್ತರಪತ್ರಿಕೆಗಳ ಮಾಡರೇಷನ್

ಉತ್ತರಪತ್ರಿಕೆಗಳ ಮಾಡರೇಷನ್ ಎಂದರೆ ಒಂದೇ ಪ್ರಶ್ನೆಪತ್ರಿಕೆಯ ಉತ್ತರಗಳನ್ನು ಹಲವು ಮೌಲ್ಯಮಾಪಕರು ತಿದ್ದಿದಾಗ, ಅವರ ನಡುವಿನ ಬಿಗಿತ ಮತ್ತು ಧಾರಾಳತನದ ವ್ಯತ್ಯಾಸವನ್ನು ಸರಿದೂಗಿಸುವ ಕ್ರಮ. ಹಿರಿಯ ಪರೀಕ್ಷಕರೊಬ್ಬರು ಪ್ರತಿ ಮೌಲ್ಯಮಾಪಕನು ತಿದ್ದಿದ ಪತ್ರಿಕೆಗಳಿಂದ ಕೆಲವನ್ನು ಮಾದರಿಯಾಗಿ ಆರಿಸಿ ಮತ್ತೆ ತಿದ್ದುತ್ತಾರೆ. ಅದರಲ್ಲಿ ಕಂಡ ವ್ಯತ್ಯಾಸವನ್ನು ಆಧರಿಸಿ ಆ ಮೌಲ್ಯಮಾಪಕನ ಇಡೀ ಕಟ್ಟಿನ ಅಂಕಗಳನ್ನು ಹಾಗೆಯೇ ಉಳಿಸಲು, ಏರಿಸಲು, ಇಳಿಸಲು ಅಥವಾ ಕಟ್ಟನ್ನು ಪೂರ್ಣವಾಗಿ ಮರುಮೌಲ್ಯಮಾಪನಕ್ಕೆ ಕಳುಹಿಸಲು ಶಿಫಾರಸು ಮಾಡುತ್ತಾರೆ. ಭಾರತದಲ್ಲಿ ಈ ಕ್ರಮದ ಸ್ಪಷ್ಟ ವಿವರಣೆಯು ಸಂಜಯ್ ಸಿಂಗ್ ವಿರುದ್ಧ ಉತ್ತರ ಪ್ರದೇಶ ಲೋಕಸೇವಾ ಆಯೋಗ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿದೆ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿಯೂ ಸೇವೆ ಸಲ್ಲಿಸಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು ಈ ತೀರ್ಪನ್ನು ಬರೆದರು.

== ಅಗತ್ಯ ==

ಪ್ರಬಂಧ ರೂಪದ ಉತ್ತರಕ್ಕೆ ಇಬ್ಬರು ಮೌಲ್ಯಮಾಪಕರು ಒಂದೇ ಅಂಕ ನೀಡುವುದು ಅಪರೂಪ. ಕೆಲವರು ಸ್ವಭಾವತಃ ಕೈ ಬಿಗಿ ಹಿಡಿದರೆ, ಕೆಲವರು ಧಾರಾಳವಾಗಿ ಅಂಕ ನೀಡುತ್ತಾರೆ. ಗಿಡುಗ ಮತ್ತು ಪಾರಿವಾಳಗಳ ಹೋಲಿಕೆಯಿಂದ ಈ ವ್ಯತ್ಯಾಸವನ್ನು ಹೆಸರಿಸುವುದುಂಟು. ಒಬ್ಬನೇ ವ್ಯಕ್ತಿ ಎಲ್ಲ ಪತ್ರಿಕೆಗಳನ್ನು ತಿದ್ದಿದ್ದರೆ ಅವನ ಬಿಗಿತ ಎಲ್ಲರಿಗೂ ಸಮವಾಗಿ ತಟ್ಟುತ್ತಿತ್ತು. ಅಭ್ಯರ್ಥಿಗಳ ಸಂಖ್ಯೆ ಸಾವಿರಗಳನ್ನು ಮುಟ್ಟಿದಾಗ ಕೆಲಸವನ್ನು ಹಂಚಲೇಬೇಕಾಗುತ್ತದೆ. ಆಗ ಅಭ್ಯರ್ಥಿಯ ಸ್ಥಾನವು ಅವನು ಬರೆದ ಉತ್ತರದ ಜೊತೆಗೆ ಪತ್ರಿಕೆ ಯಾರ ಮೇಜಿಗೆ ಹೋಯಿತು ಎಂಬುದನ್ನೂ ಅವಲಂಬಿಸುತ್ತದೆ.

ಹಾಸನ ಜಿಲ್ಲೆಯ ಸಂದರ್ಭದಿಂದ ಇದನ್ನು ಕಲ್ಪಿಸಿಕೊಳ್ಳಬಹುದು. ಇತಿಹಾಸ ಪತ್ರಿಕೆಯೊಂದರಲ್ಲಿ ಹೊಯ್ಸಳ ವಾಸ್ತುಶಿಲ್ಪದ ಲಕ್ಷಣಗಳನ್ನು ಕುರಿತು ಐದು ಅಂಕಗಳ ಪ್ರಶ್ನೆ ಇದೆ ಎಂದಿಟ್ಟುಕೊಳ್ಳಿ. ಕೀ ಉತ್ತರದಲ್ಲಿ ನಕ್ಷತ್ರಾಕಾರದ ಜಗತಿ, ಬಳಪದ ಕಲ್ಲು, ತಿರುಗಣೆಯ ಕಂಬಗಳು, ಮದನಿಕೆಯರು ಹಾಗೂ 1117ರ ಬೇಲೂರು ಚೆನ್ನಕೇಶವ ದೇವಾಲಯ ಎಂಬ ಐದು ಅಂಶಗಳಿವೆ. ಅರಸೀಕೆರೆಯ ವಿದ್ಯಾರ್ಥಿನಿಯೊಬ್ಬಳು ಮೊದಲಿನ ಮೂರು ಅಂಶಗಳನ್ನು ಬರೆದು, ಉಳಿದ ಎರಡರ ಬದಲು ತನ್ನ ಊರಿನ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪವನ್ನೂ ಹಳೇಬೀಡಿನ ಹೊಯ್ಸಳೇಶ್ವರದ ಜೋಡಿ ಗರ್ಭಗುಡಿಗಳನ್ನೂ ವರ್ಣಿಸುತ್ತಾಳೆ. ಕೀ ಉತ್ತರಕ್ಕೆ ಅಂಟಿಕೊಳ್ಳುವ ಮೌಲ್ಯಮಾಪಕನು ಮೂರು ಅಂಕ ನೀಡಿದರೆ, ಸರಿಯಾದ ಯಾವ ಅಂಶವನ್ನೂ ಒಪ್ಪುವವನು ಐದು ನೀಡುತ್ತಾನೆ. ಒಂದು ಪ್ರಶ್ನೆಯಲ್ಲಿ ಎರಡು ಅಂಕ ಸಣ್ಣದೆನಿಸಬಹುದು. ಇದೇ ಧೋರಣೆ ಇಪ್ಪತ್ತು ಪ್ರಶ್ನೆಗಳಿಗೂ ಮುಂದುವರಿದರೆ ಅಂತಿಮ ಪಟ್ಟಿಯಲ್ಲಿ ಅವಳ ಸ್ಥಾನವೇ ಬದಲಾಗುತ್ತದೆ.

== ಮೌಲ್ಯಮಾಪನಕ್ಕೆ ಮೊದಲಿನ ಹಂತ ==

2007ರ ತೀರ್ಪು ವಿವರಿಸುವ ಕ್ರಮದಲ್ಲಿ ಸಾಮಾನ್ಯವಾಗಿ ಪ್ರಶ್ನೆಪತ್ರಿಕೆ ತಯಾರಿಸಿದವರೇ ಮುಖ್ಯ ಪರೀಕ್ಷಕರಾಗುತ್ತಾರೆ. ಒಬ್ಬೊಬ್ಬ ಮೌಲ್ಯಮಾಪಕನಿಗೆ ಸುಮಾರು 300 ಪತ್ರಿಕೆಗಳನ್ನು ಹಂಚಲಾಗುತ್ತದೆ. ತಿದ್ದುವ ಕೆಲಸಕ್ಕೆ ಮೊದಲು ಮುಖ್ಯ ಪರೀಕ್ಷಕರು ಎಲ್ಲರ ಸಭೆ ಕರೆದು ಪ್ರಶ್ನೆಗಳನ್ನು, ಬರಬಹುದಾದ ಉತ್ತರಗಳನ್ನು ಮತ್ತು ಪ್ರತಿ ಅಂಶಕ್ಕೆ ಕೊಡಬೇಕಾದ ಅಂಕವನ್ನು ಚರ್ಚಿಸುತ್ತಾರೆ. ಅನಂತರ ಎಲ್ಲರೂ ಕೆಲವು ಪತ್ರಿಕೆಗಳನ್ನು ಪ್ರಾಯೋಗಿಕವಾಗಿ ತಿದ್ದುತ್ತಾರೆ. ಅಂಕಗಳಲ್ಲಿ ಕಂಡ ಅಂತರವನ್ನು ಮತ್ತೆ ಚರ್ಚಿಸಿ ಒಪ್ಪಿತ ಮಾನದಂಡಕ್ಕೆ ಬರುತ್ತಾರೆ. ಮೇಲಿನ ಉದಾಹರಣೆಯ ಅರಸೀಕೆರೆ ದೇವಾಲಯದಂಥ ಉತ್ತರವನ್ನು ಒಪ್ಪಬೇಕೇ ಎಂಬ ಪ್ರಶ್ನೆ ಇತ್ಯರ್ಥವಾಗಬೇಕಾದುದು ಇದೇ ಸಭೆಯಲ್ಲಿ.

ಸಭೆಯಲ್ಲಿ ಒಪ್ಪಿದ ಮಾನದಂಡವು ಕೊನೆಯವರೆಗೆ ಉಳಿಯುತ್ತದೆ ಎಂಬ ಭರವಸೆ ಇಲ್ಲ. ದಿನಗಟ್ಟಲೆ ತಿದ್ದುವಾಗ ಮೌಲ್ಯಮಾಪಕನು ತನ್ನ ಹಳೆಯ ಅಭ್ಯಾಸಕ್ಕೆ ಜಾರುತ್ತಾನೆ. ಆಯಾಸದಿಂದ ಅಜಾಗರೂಕತೆಯೂ ಬರಬಹುದು. ಆದ್ದರಿಂದಲೇ ತಿದ್ದಿ ಮುಗಿದ ಪತ್ರಿಕೆಗಳ ಮಾದರಿ ಪರಿಶೀಲನೆ ಎರಡನೆಯ ಹಂತವಾಗಿ ಬರುತ್ತದೆ.

== ಮಾದರಿಯ ಆಯ್ಕೆ ==

ಮುಖ್ಯ ಪರೀಕ್ಷಕರು ಪ್ರತಿ ಮೌಲ್ಯಮಾಪಕನ ಕಟ್ಟಿನಿಂದ ಎರಡು ಬಗೆಯ ಪತ್ರಿಕೆಗಳನ್ನು ತೆಗೆದುಕೊಳ್ಳುತ್ತಾರೆ. ಮೊದಲನೆಯದು ಅತಿ ಹೆಚ್ಚು ಅಂಕ ಪಡೆದ ಮೇಲ್‌ಸ್ತರದ ಪತ್ರಿಕೆಗಳು. ಎರಡನೆಯದು ಉಳಿದವುಗಳಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿದ ಪತ್ರಿಕೆಗಳು. ಇವೆರಡರ ಉದ್ದೇಶ ಬೇರೆ ಬೇರೆಯಾಗಿರುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ಇಡಬೇಕಾಗುತ್ತದೆ.

ಆಯ್ಕೆ ಪರೀಕ್ಷೆಯಲ್ಲಿ ಯಾರಿಗೆ ಹುದ್ದೆ ಸಿಗುತ್ತದೆ ಎಂಬುದು ಮೇಲ್‌ಸ್ತರದಲ್ಲಿಯೇ ತೀರ್ಮಾನವಾಗುತ್ತದೆ. ಆದ್ದರಿಂದ ಈ ಪತ್ರಿಕೆಗಳನ್ನು ಮುಖ್ಯ ಪರೀಕ್ಷಕರೇ ಪೂರ್ತಿಯಾಗಿ ಮತ್ತೆ ತಿದ್ದುತ್ತಾರೆ ಮತ್ತು ಅವರು ಕೊಟ್ಟ ಅಂಕವೇ ಅಂತಿಮ. ಆದರೆ ಈ ಗುಂಪಿನಲ್ಲಿ ಕಂಡ ಅಂತರವನ್ನು ಇಡೀ ಕಟ್ಟಿಗೆ ಅನ್ವಯಿಸುವುದು ತಪ್ಪಾಗುತ್ತದೆ. ಹೆಚ್ಚು ಅಂಕ ಬಂದಿದೆ ಎಂಬ ಕಾರಣಕ್ಕೇ ಆರಿಸಿದ ಪತ್ರಿಕೆಗಳಲ್ಲಿ, ಆಕಸ್ಮಿಕವಾಗಿ ತುಸು ಹೆಚ್ಚು ಅಂಕ ಪಡೆದವು ಸಹಜವಾಗಿಯೇ ಜಾಸ್ತಿ ಇರುತ್ತವೆ. ಅವುಗಳನ್ನು ಮತ್ತೆ ತಿದ್ದಿದಾಗ ಸರಾಸರಿ ಸ್ವಲ್ಪ ಇಳಿಯುತ್ತದೆ. ಮೌಲ್ಯಮಾಪಕನು ಧಾರಾಳಿ ಅಲ್ಲದಿದ್ದರೂ ಧಾರಾಳಿಯಂತೆ ಕಾಣುತ್ತಾನೆ. ಇಡೀ ಕಟ್ಟಿನ ಬಗೆಗಿನ ತೀರ್ಮಾನಕ್ಕೆ ಯಾದೃಚ್ಛಿಕ ಗುಂಪೇ ಆಧಾರವಾಗಬೇಕು.

ಯಾದೃಚ್ಛಿಕ ಗುಂಪಿನಲ್ಲಿಯೂ ಒಂದು ಎಚ್ಚರಿಕೆ ಅಗತ್ಯ. ಕಟ್ಟಿನ ಮೇಲಿನ ಹತ್ತು ಪತ್ರಿಕೆಗಳನ್ನು ಎತ್ತಿಕೊಂಡರೆ ಅವು ಮೊದಲ ದಿನ, ಸಭೆಯ ನೆನಪು ಹಸಿಯಾಗಿದ್ದಾಗ ತಿದ್ದಿದ ಪತ್ರಿಕೆಗಳಷ್ಟೇ ಆಗಿರಬಹುದು. ಆದ್ದರಿಂದ ಕಡಿಮೆ, ಮಧ್ಯಮ ಮತ್ತು ಹೆಚ್ಚು ಅಂಕಗಳ ಪ್ರತಿ ಪಟ್ಟಿಯಿಂದಲೂ ಕೆಲವನ್ನು ಚೀಟಿ ಎತ್ತುವುದು ಮತ್ತು ಆರಂಭ, ನಡು, ಕೊನೆಯ ದಿನಗಳ ಕೆಲಸವೂ ಅದರಲ್ಲಿ ಸೇರುವಂತೆ ನೋಡಿಕೊಳ್ಳುವುದು ಉತ್ತಮ ವಿಧಾನ. ತನ್ನ ಯಾವ ಪತ್ರಿಕೆಗಳು ಪರಿಶೀಲನೆಗೆ ಹೋಗುತ್ತವೆ ಎಂಬುದು ಮೌಲ್ಯಮಾಪಕನಿಗೆ ಮೊದಲೇ ತಿಳಿದಿರಬಾರದು.

ಮಾದರಿಯ ಗಾತ್ರವು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ. ಶಾಲೆಯ ಶಿಕ್ಷಕರೇ ನೀಡಿದ ಆಂತರಿಕ ಅಂಕಗಳನ್ನು ಪರಿಶೀಲಿಸುವ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಸಂಸ್ಥೆಯು ಅಭ್ಯರ್ಥಿಗಳ ಸಂಖ್ಯೆಗೆ ತಕ್ಕಂತೆ 5, 8 ಅಥವಾ 10 ಕೃತಿಗಳನ್ನು ಮಾತ್ರ ತರಿಸಿಕೊಳ್ಳುವ ಪದ್ಧತಿಯನ್ನು ಅನುಸರಿಸಿದೆ. ಮೌಲ್ಯಮಾಪಕನ ಧೋರಣೆ ಸ್ಥಿರವಾಗಿದ್ದರೆ ಅದನ್ನು ಗುರುತಿಸಲು ಹತ್ತು ಪತ್ರಿಕೆಗಳೂ ಸಾಕಾಗುತ್ತವೆ. ಅಸ್ಥಿರವಾಗಿದ್ದರೆ ಐವತ್ತು ಪತ್ರಿಕೆಗಳನ್ನು ನೋಡಿದರೂ ಒಂದೇ ತಿದ್ದುಪಡಿ ಹೊರಬರುವುದಿಲ್ಲ.

== ಮರುತಿದ್ದುವಿಕೆಯ ವಿಧಾನ ==

ಮೊದಲ ಮೌಲ್ಯಮಾಪಕನ ಅಂಕ ಕಣ್ಣೆದುರಿಗಿದ್ದರೆ ಮುಖ್ಯ ಪರೀಕ್ಷಕರ ಅಂಕವೂ ಅದರ ಹತ್ತಿರಕ್ಕೇ ಸರಿಯುತ್ತದೆ. 41 ಎಂದು ಬರೆದಿರುವ ಪತ್ರಿಕೆಗೆ 46 ಕೊಡಬೇಕೆನಿಸಿದರೂ ಕೈ 43ಕ್ಕೆ ನಿಲ್ಲುವುದುಂಟು. ಆಗ ನಿಜವಾದ ಬಿಗಿತವು ಅರ್ಧದಷ್ಟೇ ಕಾಣುತ್ತದೆ. ಆದ್ದರಿಂದ ಅಂಕಗಳನ್ನು ಮರೆಮಾಡಿ ಅಥವಾ ಪ್ರತ್ಯೇಕ ಹಾಳೆಯಲ್ಲಿ ಬರೆಸಿ, ಎರಡನೆಯ ಬಾರಿ ಸ್ವತಂತ್ರವಾಗಿ ತಿದ್ದುವುದು ಹೆಚ್ಚು ವಿಶ್ವಾಸಾರ್ಹ. ಒಟ್ಟು ಅಂಕದ ಜೊತೆಗೆ ಪ್ರಶ್ನೆವಾರು ಅಂಕಗಳನ್ನೂ ಹೋಲಿಸಿದರೆ ಅಂತರ ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಎಲ್ಲ ಪ್ರಶ್ನೆಗಳಲ್ಲೂ ಅರ್ಧರ್ಧ ಅಂಕ ಕಡಿಮೆಯಾಗಿದ್ದರೆ ಅದು ಬಿಗಿತ. ಒಂದೇ ಪ್ರಶ್ನೆಯಲ್ಲಿ ಐದು ಅಂಕ ಹೋಗಿದ್ದರೆ ಅದು ಕೀ ಉತ್ತರವನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು. ಅಂಥ ಸಂದರ್ಭದಲ್ಲಿ ಆ ಒಂದು ಪ್ರಶ್ನೆಯನ್ನು ಇಡೀ ಕಟ್ಟಿನಲ್ಲಿ ಮತ್ತೆ ತಿದ್ದಿಸುವುದು ಸರಿಯಾದ ಪರಿಹಾರ. ಏಕೆಂದರೆ ಆ ಪ್ರಶ್ನೆಯನ್ನು ಬರೆಯದೆ ಬಿಟ್ಟವರಿಗೆ ಐದು ಅಂಕ ಸೇರಿಸಲು ಕಾರಣವಿಲ್ಲ.

== ಇಡೀ ಕಟ್ಟಿನ ಹೊಂದಾಣಿಕೆ: ಒಂದು ಉದಾಹರಣೆ ==

ಈ ಕೆಳಗಿನ ಅಂಕಗಳು ವಿವರಣೆಗಾಗಿ ಕಲ್ಪಿಸಿದವು. 100 ಅಂಕಗಳ ಪತ್ರಿಕೆಯನ್ನು ತಿದ್ದಿದ ಇಬ್ಬರು ಮೌಲ್ಯಮಾಪಕರ ಕಟ್ಟುಗಳಿಂದ ಮೇಲ್‌ಸ್ತರವನ್ನು ಬಿಟ್ಟು ತಲಾ ಹತ್ತು ಪತ್ರಿಕೆಗಳನ್ನು ಯಾದೃಚ್ಛಿಕವಾಗಿ ಆರಿಸಲಾಗಿದೆ. ‘ಮು’ ಎಂದರೆ ಮುಖ್ಯ ಪರೀಕ್ಷಕರು ನೀಡಿದ ಅಂಕ.

| ಕ್ರಮ | ಮೊದಲನೆಯವರು | ಮು | ಅಂತರ | ಎರಡನೆಯವರು | ಮು | ಅಂತರ |
|---|---|---|---|---|---|---|
| 1 | 28 | 33 | +5 | 30 | 42 | +12 |
| 2 | 34 | 38 | +4 | 35 | 31 | −4 |
| 3 | 37 | 43 | +6 | 40 | 47 | +7 |
| 4 | 41 | 46 | +5 | 44 | 36 | −8 |
| 5 | 45 | 49 | +4 | 47 | 58 | +11 |
| 6 | 48 | 54 | +6 | 50 | 45 | −5 |
| 7 | 52 | 57 | +5 | 55 | 66 | +11 |
| 8 | 56 | 60 | +4 | 58 | 50 | −8 |
| 9 | 61 | 67 | +6 | 63 | 73 | +10 |
| 10 | 66 | 71 | +5 | 68 | 62 | −6 |

ಮೊದಲನೆಯ ಮೌಲ್ಯಮಾಪಕರ ಅಂತರಗಳ ಮೊತ್ತ 50, ಸರಾಸರಿ +5. ಯಾವ ಪತ್ರಿಕೆಯಲ್ಲೂ ಅಂತರವು 4ಕ್ಕಿಂತ ಕಡಿಮೆಯಾಗಿಲ್ಲ, 6ಕ್ಕಿಂತ ಹೆಚ್ಚಾಗಿಲ್ಲ. ಪತ್ರಿಕೆಗಳ ಶ್ರೇಯಾಂಕ ಕ್ರಮವೂ ಬದಲಾಗಿಲ್ಲ. ಯಾರು ಚೆನ್ನಾಗಿ ಬರೆದಿದ್ದಾರೆ, ಯಾರು ಬರೆದಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಗುರುತಿಸಿದ್ದಾರೆ; ಕೈ ಮಾತ್ರ ಐದು ಅಂಕ ಬಿಗಿಯಾಗಿದೆ. ಈ ಕಟ್ಟಿನ ಮೇಲ್‌ಸ್ತರ ಬಿಟ್ಟು ಉಳಿದ ಪತ್ರಿಕೆಗಳಿಗೆ ತಲಾ 5 ಅಂಕ ಸೇರಿಸಲು ಶಿಫಾರಸು ಮಾಡಬಹುದು.

ಎರಡನೆಯವರ ಅಂತರಗಳ ಮೊತ್ತ 20, ಸರಾಸರಿ +2. ಸರಾಸರಿಯನ್ನಷ್ಟೇ ನೋಡಿದರೆ ಅವರು ಮೊದಲನೆಯವರಿಗಿಂತ ಉತ್ತಮ ಮೌಲ್ಯಮಾಪಕರಂತೆ ತೋರುತ್ತಾರೆ. ಆದರೆ ಅಂತರಗಳು +12ರಿಂದ −8ರವರೆಗೆ ಹರಡಿವೆ. ಅವರು 30 ಕೊಟ್ಟ ಪತ್ರಿಕೆ ನಿಜಕ್ಕೂ 42ರದ್ದು, 44 ಕೊಟ್ಟದ್ದು 36ರದ್ದು. ಎಲ್ಲರಿಗೂ 2 ಅಂಕ ಸೇರಿಸಿದರೆ ಅನ್ಯಾಯವಾದವರಿಗೆ ನ್ಯಾಯ ಸಿಗುವುದಿಲ್ಲ, ಅನರ್ಹವಾಗಿ ಅಂಕ ಪಡೆದವರಿಗೆ ಇನ್ನೆರಡು ಸೇರುತ್ತದೆ. ಇಂಥ ಅಸ್ಥಿರ ಮೌಲ್ಯಮಾಪನಕ್ಕೆ ಏಕರೂಪದ ಹೊಂದಾಣಿಕೆ ಸಾಧ್ಯವಿಲ್ಲ. ಕಟ್ಟನ್ನು ಮುಖ್ಯ ಪರೀಕ್ಷಕರು ಅಥವಾ ಒಪ್ಪಿತ ಮಾನದಂಡವನ್ನು ಪಾಲಿಸಿದ ಮತ್ತೊಬ್ಬ ಮೌಲ್ಯಮಾಪಕರು ಪೂರ್ಣವಾಗಿ ಮತ್ತೆ ತಿದ್ದಬೇಕೆಂದು ತೀರ್ಪಿನಲ್ಲಿ ವಿವರಿಸಿರುವ ಕ್ರಮವು ಹೇಳುತ್ತದೆ. ಹೀಗೆ ಮುಖ್ಯ ಪರೀಕ್ಷಕರು ಮೊದಲು ನೋಡಬೇಕಾದುದು ಅಂತರಗಳ ಹರವನ್ನು. ಸರಾಸರಿಯ ಲೆಕ್ಕ ಆಮೇಲಿನದು.

=== ಅಂಕದೊಂದಿಗೆ ಬದಲಾಗುವ ಅಂತರ ===

ಮೂರನೆಯ ಬಗೆಯ ಮೌಲ್ಯಮಾಪಕನೂ ಇದ್ದಾನೆ. ಸಾಧಾರಣ ಉತ್ತರಗಳಿಗೆ ಸರಿಯಾದ ಅಂಕವನ್ನೇ ನೀಡುವ ಇವನು ಉತ್ತಮ ಉತ್ತರಗಳಿಗೆ ಪೂರ್ಣ ಅಂಕ ಕೊಡಲು ಹಿಂಜರಿಯುತ್ತಾನೆ. ಅವನ 20, 30, 40, 50, 60 ಅಂಕಗಳಿಗೆ ಮುಖ್ಯ ಪರೀಕ್ಷಕರ ಅಂಕಗಳು ಕ್ರಮವಾಗಿ 20, 31, 44, 56, 68 ಎಂದಿರಲಿ. ಅಂತರ 0ಯಿಂದ 8ರವರೆಗೆ ಬೆಳೆಯುತ್ತಾ ಹೋಗುತ್ತದೆ. ಸರಾಸರಿಯಾದ ಸುಮಾರು 4 ಅಂಕಗಳನ್ನು ಎಲ್ಲರಿಗೂ ಸೇರಿಸಿದರೆ ಕೆಳಗಿನವರಿಗೆ ಕಾರಣವಿಲ್ಲದೆ ಲಾಭವಾಗಿ, ಮೇಲಿನವರಿಗೆ ನಷ್ಟ ಉಳಿಯುತ್ತದೆ.

ಇಲ್ಲಿ ಅಂಕಗಳ ಪಟ್ಟಿಗೆ ತಕ್ಕಂತೆ ಬೇರೆ ಬೇರೆ ಹೊಂದಾಣಿಕೆ ಬೇಕು. ಬಿಂದುಗಳ ನಡುವೆ ಸರಳರೇಖೆ ಹೊಂದಿಸಿದರೆ ಈ ಸೂತ್ರ ಬರುತ್ತದೆ:

```
y = 1.21x − 4.6
```

ಇಲ್ಲಿ x ಮೌಲ್ಯಮಾಪಕನ ಅಂಕ, y ಹೊಂದಾಣಿಕೆಯ ನಂತರದ ಅಂಕ. ಇದರ ಪ್ರಕಾರ 50 ಅಂಕದ ಪತ್ರಿಕೆಗೆ 55.9, ಅಂದರೆ 56 ದೊರೆಯುತ್ತದೆ. ಆದರೆ ಮಾದರಿಯಲ್ಲಿ ಇಲ್ಲದ ಅಂಕಗಳಿಗೆ ಈ ರೇಖೆಯನ್ನು ಎಳೆಯುವಂತಿಲ್ಲ. 10 ಅಂಕದ ಪತ್ರಿಕೆ 7.5ಕ್ಕೆ ಇಳಿಯುತ್ತದೆ, 90ರದ್ದು 100ನ್ನು ದಾಟಿ 104.3 ಆಗುತ್ತದೆ. ಮೇಲಿನ ತುದಿಯ ತೊಂದರೆ ಮೇಲ್‌ಸ್ತರದ ಪತ್ರಿಕೆಗಳನ್ನು ಮುಖ್ಯ ಪರೀಕ್ಷಕರೇ ತಿದ್ದುವುದರಿಂದ ನೀಗುತ್ತದೆ. ಕೆಳಗಿನ ತುದಿಗಾಗಿ ಮಾದರಿಯಲ್ಲಿ ಕಡಿಮೆ ಅಂಕದ ಪತ್ರಿಕೆಗಳೂ ಇರಬೇಕಾಗುತ್ತದೆ.

== ಸರಾಸರಿ ಅಂಕದ ಮಿತಿ ==

ಪ್ರತಿ ಮೌಲ್ಯಮಾಪಕನ ಕಟ್ಟಿನ ಸರಾಸರಿ, ಗರಿಷ್ಠ ಮತ್ತು ಕನಿಷ್ಠ ಅಂಕ, ವಿವಿಧ ಪಟ್ಟಿಗಳಲ್ಲಿ ಅಭ್ಯರ್ಥಿಗಳ ಹಂಚಿಕೆ ಮುಂತಾದ ಅಂಕಿಅಂಶಗಳನ್ನು ಅಗತ್ಯವಿದ್ದರೆ ಸಿದ್ಧಪಡಿಸಿಕೊಳ್ಳಬಹುದು. ಇವು ಎಲ್ಲಿ ನೋಡಬೇಕು ಎಂಬುದನ್ನು ಸೂಚಿಸುತ್ತವೆಯೇ ಹೊರತು ಎಷ್ಟು ತಿದ್ದಬೇಕು ಎಂಬುದನ್ನು ಹೇಳುವುದಿಲ್ಲ. ಒಂದು ಪರೀಕ್ಷಾ ಕೇಂದ್ರದ ಪತ್ರಿಕೆಗಳೆಲ್ಲ ಒಂದೇ ಕಟ್ಟಿನಲ್ಲಿ ಒಬ್ಬನೇ ಮೌಲ್ಯಮಾಪಕನಿಗೆ ಹೋದಾಗ ಈ ಭೇದ ಮುಖ್ಯವಾಗುತ್ತದೆ. ಬೇಲೂರಿನ ಒಂದು ಕೇಂದ್ರದ ಕಟ್ಟಿನ ಸರಾಸರಿ 41, ಅರಸೀಕೆರೆಯ ಒಂದು ಕೇಂದ್ರದ ಸರಾಸರಿ 49 ಎಂದು ಕಲ್ಪಿಸಿಕೊಂಡರೆ, ಕಾರಣ ಮೌಲ್ಯಮಾಪಕನ ಬಿಗಿತವೂ ಆಗಿರಬಹುದು, ವಿದ್ಯಾರ್ಥಿಗಳ ತಯಾರಿಯೂ ಆಗಿರಬಹುದು. ಸರಾಸರಿಯನ್ನು ಮಾತ್ರ ಸಮಗೊಳಿಸಿದರೆ ಚೆನ್ನಾಗಿ ಓದಿದ ಕೇಂದ್ರದವರ ಅಂಕವನ್ನು ಕಿತ್ತು ಇನ್ನೊಂದು ಕೇಂದ್ರಕ್ಕೆ ಕೊಟ್ಟಂತಾಗುತ್ತದೆ. ಎರಡೂ ಕಟ್ಟುಗಳ ಪತ್ರಿಕೆಗಳನ್ನು ಒಬ್ಬರೇ ಮತ್ತೆ ತಿದ್ದಿದಾಗ ಮಾತ್ರ ಉತ್ತರ ಸಿಗುತ್ತದೆ. ಮುಖ್ಯ ಪರೀಕ್ಷಕರಿಗೂ ಮೊದಲನೆಯ ಕಟ್ಟಿನಲ್ಲಿ 41ರ ಸುತ್ತಲಿನ ಅಂಕಗಳೇ ಬಂದರೆ ಅಲ್ಲಿ ಹೊಂದಾಣಿಕೆಯ ಅಗತ್ಯವೇ ಇಲ್ಲ.

== ಬಹುಸ್ತರದ ಪರಿಶೀಲನೆ ==

ಮೌಲ್ಯಮಾಪಕರ ಸಂಖ್ಯೆ ಬಹಳ ದೊಡ್ಡದಾದಾಗ ಒಬ್ಬ ಮುಖ್ಯ ಪರೀಕ್ಷಕರಿಂದ ಎಲ್ಲರ ಕೆಲಸವನ್ನು ನೋಡಲಾಗುವುದಿಲ್ಲ. ಆಗ ಪ್ರತಿ ಹತ್ತು ಅಥವಾ ಇಪ್ಪತ್ತು ಮೌಲ್ಯಮಾಪಕರಿಗೆ ಒಬ್ಬರಂತೆ ಮುಖ್ಯ ಪರೀಕ್ಷಕರನ್ನು ನೇಮಿಸಿ, ಅವರ ಕೆಲಸವನ್ನು ಇನ್ನೊಬ್ಬ ಮೇಲಿನ ಪರೀಕ್ಷಕರು ಪರಿಶೀಲಿಸುವ ವ್ಯವಸ್ಥೆಯನ್ನು ತೀರ್ಪು ವಿವರಿಸುತ್ತದೆ. ಈ ಮೇಲಿನ ಸ್ತರ ಇಲ್ಲದಿದ್ದರೆ ಮುಖ್ಯ ಪರೀಕ್ಷಕರ ಸ್ವಂತ ಬಿಗಿತವೇ ಇಪ್ಪತ್ತು ಕಟ್ಟುಗಳಿಗೆ ಹರಡುತ್ತದೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ಮೌಲ್ಯಮಾಪನ ಕೇಂದ್ರಗಳಲ್ಲಿಯೂ ಮೌಲ್ಯಮಾಪಕರ ತಂಡಗಳ ಮೇಲೆ ಉಪ ಮುಖ್ಯ ಮೌಲ್ಯಮಾಪಕರಿರುತ್ತಾರೆ.

== ಸ್ಕೇಲಿಂಗ್ ಮತ್ತು ಕೃಪಾಂಕಗಳಿಂದ ಭೇದ ==

ಮಾಡರೇಷನ್ ಪದವನ್ನು ಪತ್ರಿಕೆಗಳಲ್ಲಿ ಹಲವು ಅರ್ಥಗಳಲ್ಲಿ ಬಳಸುವುದರಿಂದ ಗೊಂದಲ ಉಂಟಾಗುತ್ತದೆ. ಸ್ಕೇಲಿಂಗ್ ಎಂದರೆ ಬೇರೆ ಬೇರೆ ಐಚ್ಛಿಕ ವಿಷಯಗಳನ್ನು ಬರೆದವರನ್ನು ಹೋಲಿಸಲು ಅಂಕಗಳನ್ನು ಒಂದೇ ಅಳತೆಗೆ ತರುವ ಸಂಖ್ಯಾಶಾಸ್ತ್ರೀಯ ಕ್ರಮ. ಅದರಲ್ಲಿ ಯಾವ ಉತ್ತರವನ್ನೂ ಮತ್ತೆ ಓದುವುದಿಲ್ಲ. ಸಂಜಯ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಕಿರಿಯ ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಆಯೋಗವು ಸ್ಕೇಲಿಂಗ್ ಬಳಸಿತ್ತು. ಆ ಪರೀಕ್ಷೆಯಲ್ಲಿ ಎಲ್ಲರೂ ಅವೇ ಕಡ್ಡಾಯ ಪತ್ರಿಕೆಗಳನ್ನು ಬರೆದಿದ್ದರು. ಅಲ್ಲಿ ಸರಿಪಡಿಸಬೇಕಾದುದು ಮೌಲ್ಯಮಾಪಕರ ನಡುವಿನ ವ್ಯತ್ಯಾಸವಾಗಿತ್ತು, ವಿಷಯಗಳ ನಡುವಿನದಲ್ಲ. ಆದ್ದರಿಂದ ಅದಕ್ಕೆ ಮಾಡರೇಷನ್ ತಕ್ಕ ಕ್ರಮವೇ ಹೊರತು ಸ್ಕೇಲಿಂಗ್ ಅಲ್ಲ ಎಂದು ನ್ಯಾಯಾಲಯ ಹೇಳಿತು.

ಕೃಪಾಂಕವು ಇವೆರಡಕ್ಕಿಂತಲೂ ಭಿನ್ನ. ಉತ್ತೀರ್ಣತೆಯ ಗೆರೆಯ ಹತ್ತಿರ ಬಂದು ನಿಂತವರಿಗೆ ಮಂಡಳಿಯು ನೀತಿಯಾಗಿ ನೀಡುವ ಅಂಕ ಅದು. 2024ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಇದು ಯಾವ ಮೌಲ್ಯಮಾಪಕನ ಬಿಗಿತವನ್ನೂ ಸರಿಪಡಿಸುವ ಕ್ರಮವಾಗಿರಲಿಲ್ಲ. ಪ್ರಶ್ನೆಪತ್ರಿಕೆಯ ಕಠಿಣತೆಗಾಗಿ ಎಲ್ಲರಿಗೂ ಅಂಕ ಸೇರಿಸುವುದನ್ನೂ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಯ ಸಂದರ್ಭದಲ್ಲಿ ಮಾಡರೇಷನ್ ಎಂದೇ ಕರೆಯಲಾಗಿದೆ. 2017ರಲ್ಲಿ ಮಂಡಳಿಯು ಅದನ್ನು ಕೈಬಿಡಲು ಹೊರಟಾಗ, ಆ ವರ್ಷದ ಪರೀಕ್ಷೆ ಬರೆದವರಿಗೆ ಅದನ್ನು ಮುಂದುವರಿಸುವಂತೆ ದೆಹಲಿ ಉಚ್ಚ ನ್ಯಾಯಾಲಯ ಆದೇಶಿಸಿತು.

== ಅಭ್ಯರ್ಥಿಯ ದೃಷ್ಟಿಯಿಂದ ==

ಇಡೀ ಕಟ್ಟಿಗೆ ಮಾಡುವ ಹೊಂದಾಣಿಕೆಯು ಸರಾಸರಿ ದೋಷವನ್ನು ನಿವಾರಿಸುತ್ತದೆ, ಒಬ್ಬೊಬ್ಬರಿಗೆ ಆದ ದೋಷವನ್ನಲ್ಲ. ಮೇಲಿನ ಉದಾಹರಣೆಯ ಮೊದಲ ಕಟ್ಟಿನಲ್ಲಿಯೂ +6 ಅರ್ಹರಾಗಿದ್ದವರಿಗೆ ಒಂದು ಅಂಕ ಕಡಿಮೆಯಾಗುತ್ತದೆ, +4 ಅರ್ಹರಾಗಿದ್ದವರಿಗೆ ಒಂದು ಅಂಕ ಹೆಚ್ಚಾಗುತ್ತದೆ. ಒಂದು ಪುಟವನ್ನು ತಿದ್ದದೆ ಬಿಟ್ಟಿರುವುದು ಅಥವಾ ಕೂಡುವಾಗ ತಪ್ಪಿರುವುದು ಮಾದರಿಗೆ ಆರಿಸದ ಪತ್ರಿಕೆಯಲ್ಲಿದ್ದರೆ ಮಾಡರೇಷನ್‌ನಿಂದ ಅದು ಹೊರಬೀಳುವುದಿಲ್ಲ. ಅಂಥ ದೋಷಗಳಿಗೆ ಉತ್ತರಪತ್ರಿಕೆಯ ಛಾಯಾಪ್ರತಿ, ಅಂಕಗಳ ಮರುಎಣಿಕೆ ಮತ್ತು ಮರುಮೌಲ್ಯಮಾಪನ ಎಂಬ ಪ್ರತ್ಯೇಕ ಮಾರ್ಗಗಳಿವೆ. ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ಫಲಿತಾಂಶದ ನಂತರ ನಿಗದಿತ ಅವಧಿಯೊಳಗೆ ಶುಲ್ಕ ಪಾವತಿಸಿ ಇವುಗಳಿಗೆ ಅರ್ಜಿ ಸಲ್ಲಿಸಬಹುದು. ಛಾಯಾಪ್ರತಿ ಕೈಗೆ ಬಂದಾಗ ಪ್ರತಿ ಉತ್ತರದ ಪಕ್ಕದಲ್ಲಿ ಅಂಕವಿದೆಯೇ, ಅವು ಮೊದಲ ಪುಟದ ಕೋಷ್ಟಕಕ್ಕೆ ಸರಿಯಾಗಿ ಬಂದಿವೆಯೇ, ಕೂಡಿದ ಮೊತ್ತ ಸರಿಯಿದೆಯೇ ಎಂಬುದನ್ನು ಮೊದಲು ನೋಡಬೇಕು. ಇವೆಲ್ಲ ಸರಿಯಾಗಿದ್ದು, ಕೀ ಉತ್ತರದ ಪ್ರಕಾರ ಅಂಕ ಕಡಿಮೆಯಾಗಿದೆ ಎನಿಸಿದಾಗ ಮಾತ್ರ ಮರುಮೌಲ್ಯಮಾಪನದ ಪ್ರಶ್ನೆ ಬರುತ್ತದೆ.